ಕೇಳುವ ಹಕ್ಕಿದೆ, ಪಡೆಯುವ ಹಕ್ಕಿಲ್ಲ

ಆಕ್ಲೆಂಡಿನ ಪೆನ್‌ರೋಸ್ ಗೋದಾಮುಗಳ, ಕಾರ್ಖಾನೆಗಳ ಬಡಾವಣೆ. ಅಲ್ಲಿನ ಪಾಳಿಗಳು ಶಾಲೆಯ ಗಂಟೆಯನ್ನು ಕೇಳಿ ಆರಂಭವಾಗುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವ ಸೌಲಭ್ಯವಿರುವ ಐಟಿ ನೌಕರರು ಶಾಲೆಯ ರಜೆಯನ್ನು ಹೇಗೋ ದಾಟಿಬಿಡುತ್ತಾರೆ. ಸರಕು ಜೋಡಿಸುವವರಿಗೆ, ಪ್ಯಾಕಿಂಗ್ ಸಾಲಿನಲ್ಲಿ ನಿಲ್ಲುವವರಿಗೆ ಆ ದಾರಿಯಿಲ್ಲ. ಅಂಥ ಕೆಲಸದಲ್ಲಿರುವ, ಏಳು ವರ್ಷದ ಮಗುವನ್ನು ಒಬ್ಬಳೇ ಸಾಕುವ ತಾಯಿಯೊಬ್ಬಳ ವರ್ಷವನ್ನು ಲೆಕ್ಕ ಹಾಕಿ ನೋಡೋಣ. ಈ ದೇಶದ ಕಾನೂನು ಎಲ್ಲಿ ಕೈಬಿಡುತ್ತದೆಂಬುದು ಆ ಲೆಕ್ಕದಲ್ಲೇ ಕಾಣುತ್ತದೆ.

ನ್ಯೂಜಿಲೆಂಡಿನ ಶಾಲೆಗಳಿಗೆ ಏಪ್ರಿಲ್, ಜುಲೈ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ ತಲಾ ಎರಡು ವಾರ, ಬೇಸಿಗೆಯಲ್ಲಿ ಸುಮಾರು ಆರು ವಾರ ರಜೆ. ಒಟ್ಟು ಹನ್ನೆರಡು ವಾರ, ಅಂದರೆ 60 ಕೆಲಸದ ದಿನಗಳು. ನೌಕರಳಿಗೆ ಕಾನೂನು ಕೊಡುವ ವಾರ್ಷಿಕ ರಜೆ ನಾಲ್ಕು ವಾರ, ಅಂದರೆ 20 ದಿನ. ಕ್ರಿಸ್‌ಮಸ್‌ನಲ್ಲಿ ಕಾರ್ಖಾನೆ ಎರಡು ವಾರ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ಇದಕ್ಕೆ ಇಲ್ಲಿ ಕ್ಲೋಸ್‌ಡೌನ್ ಎನ್ನುತ್ತಾರೆ. ಹದಿನಾಲ್ಕು ದಿನಗಳ ನೋಟಿಸು ಕೊಟ್ಟು ಮಾಲೀಕರು ಆ ದಿನಗಳನ್ನು ನೌಕರರ ವಾರ್ಷಿಕ ರಜೆಯಿಂದಲೇ ಕಳೆಯಬಹುದು. ಆ ಎರಡು ವಾರಗಳ ಹತ್ತು ದಿನಗಳಲ್ಲಿ ನಾಲ್ಕು ಸಾರ್ವಜನಿಕ ರಜೆಗಳು ಹೋದರೆ ಆರು ದಿನ ಅವಳ ಖಾತೆಯಿಂದ ಹೋಗುತ್ತವೆ. ಉಳಿಯುವುದು 14. ಶಾಲೆಗೆ ರಜೆಯಿರುವ ದಿನಗಳು ಇನ್ನೂ 50. ಕೊರತೆ 36 ದಿನ, ಏಳು ವಾರಕ್ಕಿಂತ ಹೆಚ್ಚು. ಮನೆಯಲ್ಲಿ ಇಬ್ಬರು ದುಡಿಯುವವರಿದ್ದು ಸರದಿಯ ಮೇಲೆ ರಜೆ ಹಾಕಿದರೆ ಈ ಕಂದಕದ ಬಹುಭಾಗ ಮುಚ್ಚೀತು. ಅವಳಿಗೆ ಸರದಿಗೆ ಬರುವವರಿಲ್ಲ. ಅನಾರೋಗ್ಯ ರಜೆ ವರ್ಷಕ್ಕೆ ಹತ್ತು ದಿನ ಉಂಟು. ಅದನ್ನು ಮಗುವಿಗೆ ಜ್ವರ ಬಂದರೆ ಬಳಸಬಹುದು, ಶಾಲೆ ಮುಚ್ಚಿದರೆ ಬಳಸುವಂತಿಲ್ಲ.

ಹಾಗಾದರೆ ಮಗುವನ್ನು ರಜಾ ಶಿಬಿರಕ್ಕೆ ಕಳುಹಿಸಲಿ ಎನ್ನುವವರಿದ್ದಾರೆ. ಇದಕ್ಕೆ ಆಸ್ಕರ್ ಎಂಬ ಸಹಾಯಧನವಿದೆ. ಅರ್ಹರಾದ ಪೋಷಕರಿಗೆ ರಜೆಯ ದಿನಗಳಲ್ಲಿ ವಾರಕ್ಕೆ 50 ಗಂಟೆಗಳವರೆಗೆ ಸಿಗುತ್ತದೆ. ಆದರೆ ಅದು ಮಾನ್ಯತೆ ಪಡೆದ ಶಿಬಿರಗಳಿಗೆ ಮಾತ್ರ, ಆದಾಯದ ಮಿತಿಯೊಳಗೆ ಮಾತ್ರ. ವರ್ಕ್ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಅದು ಇಲ್ಲವೇ ಇಲ್ಲ. ಶಿಬಿರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಪಾಳಿ ಶುರುವಾಗುವುದಾದರೆ ಸಹಾಯಧನವಿದ್ದೂ ಪ್ರಯೋಜನವಿಲ್ಲ.

ಇನ್ನುಳಿದದ್ದು ಮಾಲೀಕರನ್ನು ಕೇಳುವುದು. ಗ್ರೀನ್ ಪಕ್ಷದ ಸಂಸದೆ ಸೂ ಕೆಡ್ಗ್ಲಿಯವರ ಮಸೂದೆಯಿಂದಾಗಿ 2008ರ ಜುಲೈ 1ರಂದು ಈ ಕೇಳುವ ಹಕ್ಕು ಜಾರಿಗೆ ಬಂತು. ಮೊದಲು ಅದು ಇನ್ನೊಬ್ಬರ ಆರೈಕೆಯ ಹೊಣೆ ಹೊತ್ತವರಿಗೆ ಮೀಸಲಾಗಿತ್ತು. 2015ರಲ್ಲಿ ಎಲ್ಲ ನೌಕರರಿಗೂ ವಿಸ್ತರಿಸಿದರು. ಕೇಳಲು ಇದು ಉದಾರವಾದ ನಡೆಯೇ. ಆದರೆ ಇದರಿಂದ ಮಗುವಿನ ಹೊಣೆಗೆ ಕಾನೂನಿನಲ್ಲಿದ್ದ ವಿಶೇಷ ಸ್ಥಾನ ಹೋಯಿತು. ಶುಕ್ರವಾರ ಮಧ್ಯಾಹ್ನ ಗಾಲ್ಫ್ ಆಡಲು ಬಿಡುವು ಕೇಳುವವನೂ ಅವಳೂ ಕಾನೂನಿನ ಕಣ್ಣಿಗೆ ಒಂದೇ ಆದರು.

ಅರ್ಜಿ ಲಿಖಿತವಾಗಿರಬೇಕು. ಉದ್ಯೋಗ ಸಂಬಂಧ ಕಾಯ್ದೆಯ 6ಎಎ ಭಾಗದಡಿ ಕೇಳುತ್ತಿದ್ದೇನೆ ಎಂದು ಅದರಲ್ಲಿ ಹೇಳಿರಬೇಕು. ಬೇಕಾದ ಬದಲಾವಣೆ, ಅದರ ಅವಧಿ, ಅದಕ್ಕಾಗಿ ಕೆಲಸದಲ್ಲಿ ಮಾಲೀಕರು ಏನೇನು ಹೊಂದಿಸಿಕೊಳ್ಳಬೇಕಾದೀತು ಎಂಬುದೂ ಇರಬೇಕು. ಮಾಲೀಕರು ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ನಿರಾಕರಿಸಿದರೆ ಕಾಯ್ದೆ ಪಟ್ಟಿ ಮಾಡಿದ ಕಾರಣಗಳಲ್ಲೊಂದನ್ನು ಹೇಳಿ ವಿವರಿಸಬೇಕು: ಇರುವ ಸಿಬ್ಬಂದಿಯಲ್ಲಿ ಕೆಲಸ ಹಂಚಲಾಗದು, ಖರ್ಚು ಹೆಚ್ಚುತ್ತದೆ, ಗ್ರಾಹಕರ ಬೇಡಿಕೆ ಪೂರೈಸಲಾಗದು, ಹೀಗೆ. ಯಾವ ಗೋದಾಮಿಗೆ ಈ ಮೂರರಲ್ಲಿ ಒಂದು ಅನ್ವಯಿಸುವುದಿಲ್ಲ? ಆ ಕಾರಣ ನಿಜವೇ, ಆ ನಿರ್ಧಾರ ನ್ಯಾಯವೇ ಎಂದು ಈ ಭಾಗದಡಿ ಪ್ರಶ್ನಿಸುವಂತಿಲ್ಲ. ಉತ್ತರವೇ ಬಾರದಿದ್ದರೆ, ಕಾರಣ ಕೊಡದಿದ್ದರೆ ಮಾತ್ರ ದೂರಬಹುದು. ಆಗ ಮಾಲೀಕರಿಗೆ ಬೀಳಬಹುದಾದ ಗರಿಷ್ಠ ದಂಡ 2,000 ಡಾಲರ್.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೂಕ್ತ ಮೇಲ್ವಿಚಾರಣೆಯಿಲ್ಲದೆ, ಸಮಂಜಸವಲ್ಲದಷ್ಟು ಹೊತ್ತು ಅಥವಾ ಅಂಥ ಸ್ಥಿತಿಯಲ್ಲಿ ಬಿಟ್ಟುಹೋದರೆ 1981ರ ಸಮ್ಮರಿ ಅಫೆನ್ಸಸ್ ಕಾಯ್ದೆಯಡಿ ಪೋಷಕರಿಗೆ ಗರಿಷ್ಠ ದಂಡ ಅದೇ 2,000 ಡಾಲರ್. ಮಾಲೀಕರು ಒಂದು ಕಾಗದ ಬರೆದು ಆ ದಂಡದಿಂದ ಪಾರಾಗುತ್ತಾರೆ. ತಾಯಿಗೆ ಅಂಥ ಕಾಗದವಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡ ಎಂದು ಆಜ್ಞಾಪಿಸುವ ಪ್ರಭುತ್ವ, ಬಿಡದಿರಲು ಬೇಕಾದ ಸಮಯವನ್ನು ಮಾಲೀಕರ ಮರ್ಜಿಗೆ ಒಪ್ಪಿಸಿದೆ. ನನ್ನ ತಕರಾರಿನ ತಿರುಳು ಇದು.

ಅವಳು ಕೇಳುತ್ತಿರುವುದಾದರೂ ದಾನವಲ್ಲ. ಕೊರತೆಯ 36 ದಿನಗಳನ್ನೂ ಸಂಬಳರಹಿತವಾಗಿ ತೆಗೆದುಕೊಂಡು ಆ ಕಡಿತವನ್ನು ಇಡೀ ವರ್ಷಕ್ಕೆ ಹಂಚಿದರೆ, ವರ್ಷದ 260 ಕೆಲಸದ ದಿನಗಳ ಲೆಕ್ಕದಲ್ಲಿ ಪ್ರತಿ ಸಂಬಳದ ಏಳರಲ್ಲೊಂದು ಪಾಲು ಹೆಚ್ಚುಕಡಿಮೆ ಹೋಗುತ್ತದೆ. ನಷ್ಟ ಪೂರ್ತಿ ಅವಳದೇ. ಶಾಲೆಯ ವೇಳಾಪಟ್ಟಿ ಬಹಳ ಮುಂಚೆಯೇ ಪ್ರಕಟವಾಗುವುದರಿಂದ ಮಾಲೀಕರಿಗೆ ಬದಲಿ ವ್ಯವಸ್ಥೆಗೆ ಸಮಯವೂ ಇದೆ. ಇಲ್ಲಿಯೂ ಒಂದು ತೊಡಕಿದೆ. ಒಂದೇ ಬಾರಿಗೆ ಒಂದು ವಾರ ಮೀರಿ ಸಂಬಳರಹಿತ ರಜೆ ಹಾಕಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮುಂದಿನ ವಾರ್ಷಿಕ ರಜೆ ಸಿಗುವ ದಿನಾಂಕವೇ ಮುಂದಕ್ಕೆ ಹೋಗಬಹುದು. ಆದ್ದರಿಂದ ಸಂಬಳವಿರುವ ವಾರ, ಇಲ್ಲದ ವಾರ ಎಂದು ಬೆರೆಸಿ ಕೇಳುವುದು, ಒಪ್ಪಂದವನ್ನು ಬರವಣಿಗೆಯಲ್ಲಿ ಪಡೆಯುವುದು ಮೇಲು. ಉಳಿದ 14 ದಿನಗಳ ವಿಷಯದಲ್ಲಿ ಮಾತ್ರ ಕಾನೂನು ಅವಳ ಪರ ಗಟ್ಟಿಯಾಗಿದೆ: ಸಂಬಳಸಹಿತ ವಾರ್ಷಿಕ ರಜೆಯ ದಿನಗಳಿಗೆ ಮಾಲೀಕರು ಸಕಾರಣವಿಲ್ಲದೆ ಒಪ್ಪಿಗೆ ತಡೆಹಿಡಿಯುವಂತಿಲ್ಲ. ವರ್ಕ್ ವೀಸಾದವರು ಇನ್ನೂ ಎಚ್ಚರದಿಂದಿರಬೇಕು. ಮಾನ್ಯತೆ ಪಡೆದ ಮಾಲೀಕರ ವೀಸಾ ವಾರಕ್ಕೆ ಕನಿಷ್ಠ 30 ಗಂಟೆಗಳ ಕೆಲಸಕ್ಕೆ ಕಟ್ಟಿಹಾಕಿರುತ್ತದೆ; ಗಂಟೆ ಇಳಿಸಿಕೊಳ್ಳುವ ಮುನ್ನ ವೀಸಾದ ಷರತ್ತು ನೋಡಬೇಕು.

ನಮ್ಮ ಸಮುದಾಯದ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: ‘ಊರಿನಿಂದ ಅಮ್ಮನನ್ನು ಕರೆಸಿಕೊಳ್ಳಬಾರದೇ?’ ವಿದೇಶಿ ಕನ್ನಡ ಕುಟುಂಬಗಳ ಎಷ್ಟೋ ‘ಯಶಸ್ಸು’ ನಿಂತಿರುವುದು ಅಜ್ಜಿಯರ ಬಿಟ್ಟಿ ದುಡಿಮೆಯ ಮೇಲೆ, ಪ್ರವಾಸಿ ವೀಸಾದ ಮೇಲೆ ಬಂದು ಅಡುಗೆಮನೆಯಲ್ಲಿ ತಿಂಗಳು ಕಳೆಯುವವರ ಮೇಲೆ. ಆ ಅಜ್ಜಿಗೆ ಕಾಯಿಲೆಯಿದ್ದರೆ? ಗಂಡನನ್ನು ಬಿಟ್ಟದ್ದಕ್ಕೇ ತವರು ಮಾತು ಬಿಟ್ಟಿದ್ದರೆ? ಹಕ್ಕಿನ ಪ್ರಶ್ನೆಯನ್ನು ಬಂಧುಗಳ ಔದಾರ್ಯಕ್ಕೆ ತಳ್ಳಿದಾಗ ಮೊದಲು ಬೀದಿಗೆ ಬೀಳುವುದು ಬಂಧುಗಳಿಲ್ಲದವರೇ.

ಪಕ್ಕದ ಆಸ್ಟ್ರೇಲಿಯ ದಾರಿ ತೋರಿಸಿದೆ. ಅಲ್ಲಿ ಶಾಲೆಗೆ ಹೋಗುವ ಮಕ್ಕಳ ಪೋಷಕರು ಒಂದು ವರ್ಷ ಸೇವೆ ಸಲ್ಲಿಸಿದ್ದರೆ ಇಂಥದ್ದೇ ಅರ್ಜಿ ಹಾಕಬಹುದು. 2023ರ ಜೂನ್ 6ರಿಂದ, ಮಾಲೀಕರ ನಿರಾಕರಣೆಯನ್ನು ಫೇರ್ ವರ್ಕ್ ಕಮಿಷನ್ ಮುಂದೆ ಒಯ್ಯಬಹುದು. ಮಾತುಕತೆ ಮುರಿದರೆ ಕಮಿಷನ್ನೇ ತೀರ್ಪು ಕೊಡಬಹುದು. ‘ಕೆಲಸ ಹಂಚಲಾಗದು’ ಎಂಬ ಒಂದು ಸಾಲು ಅಲ್ಲಿ ಕೊನೆಯ ಮಾತಲ್ಲ, ಸಾಬೀತು ಮಾಡಬೇಕಾದ ಮಾತು. ನ್ಯೂಜಿಲೆಂಡಿನ ಕಾಯ್ದೆಗೂ ಬೇಕಾದದ್ದು ಇಷ್ಟೇ: ನಿರಾಕರಣೆಯ ಕಾರಣವನ್ನು ಉದ್ಯೋಗ ಸಂಬಂಧ ಪ್ರಾಧಿಕಾರ ಪರಿಶೀಲಿಸುವ ಒಂದು ಕಲಮು.

ಆ ಕಲಮು ಬರುವವರೆಗೆ ಅರ್ಜಿ ಹೋಗುವುದು ಮೇಲ್ವಿಚಾರಕರ ಮೇಜಿಗೆ. ಆ ಕುರ್ಚಿಗಳಲ್ಲಿ ಈಗ ನಮ್ಮವರೂ ಕುಳಿತಿದ್ದಾರೆ. ಕಾಯ್ದೆ ನಿಮಗೆ ಇಲ್ಲ ಎನ್ನುವ ಅಧಿಕಾರ ಕೊಟ್ಟಿದೆ, ಇಲ್ಲ ಎನ್ನಲೇಬೇಕೆಂದು ಹೇಳಿಲ್ಲ. ಆ 36 ದಿನಗಳ ಪಾಳಿಗಳನ್ನು ಯಾರ್‍ಯಾರು ತುಂಬಬಲ್ಲರೆಂದು ಸಿಬ್ಬಂದಿಯನ್ನು ಒಮ್ಮೆಯಾದರೂ ವಿಚಾರಿಸದೆ ‘ಹಂಚಲಾಗದು’ ಎಂದು ಸಹಿ ಹಾಕುವುದು ಆಡಳಿತವಲ್ಲ, ಸೋಮಾರಿತನ. ಅದರ ಬೆಲೆ ತೆರುವುದು ಏಳು ವರ್ಷದ ಮಗು.