ಕಾಗದದಲ್ಲಿ ಗಂಟೆ ಬರೆಯೋಣ

ಚಿತ್ರದುರ್ಗ ಕಡೆಯ ಮದುವೆಗೆ ಕರಾವಳಿಯ ನೆಂಟರನ್ನು ಕರೆಯುವಾಗ ಕಾಗದದ ಜೊತೆ ಒಂದು ಸಣ್ಣ ಕೈಪಿಡಿಯನ್ನೂ ಕೊಡೋಣ. "ಅಸರ್ ಬಳಿಕ ನಿಕಾಹ್" ಅಂತ ಬರೆದರೆ ಸಾಲದು. ನಾವು ಶಾಫಿಗಳು. ನಡುಹಗಲಿನ ನೆರಳು ಕಳೆದು, ವಸ್ತುವಿನ ನೆರಳು ಅದರಷ್ಟೇ ಉದ್ದವಾದರೆ ನಮಗೆ ಅಸರ್. ಹನಫಿ ಮಸೀದಿಗಳಲ್ಲಿ ನೆರಳು ಎರಡು ಪಟ್ಟಾಗಬೇಕು, ಸುಮಾರು ಒಂದು ಗಂಟೆ ತಡ. ಅಲ್ಲಿಯ ಜಮಾಅತ್ ಐದಕ್ಕಾದರೆ, ನಾಲ್ಕಕ್ಕೇ ಹೋದ ನಮ್ಮವರು ಮಕ್ಕಳ ಜೊತೆ ಕಾಯಬೇಕಾಗ್ತದೆ. ಕೊನೆಯ ಬಸ್ಸೂ ತಪ್ಪೀತು. ಹಾಗಾಗಿ ಗಡಿಯಾರದ ಹೊತ್ತು ಬರೆಯಿರಿ, ರಾತ್ರಿ ಉಳಿಯುವ ಕೋಣೆಯನ್ನೂ ತಿಳಿಸಿ.

ಜಿಲ್ಲೆಯ ಹೆಸರೂ ಬೇಕು. ಬರೇ "ಹೊಸದುರ್ಗ" ಅಂದರೆ ನಮ್ಮ ಹಿರಿಯರಿಗೆ ಕಾಸರಗೋಡಿನ ಕಾಞಂಗಾಡೇ ನೆನಪಾಗುವುದು. ಹೊಸದುರ್ಗ ರೋಡ್ ರೈಲು ನಿಲ್ದಾಣವೋ ಪೇಟೆಯಿಂದ ದೂರ. ಅಲ್ಲಿಂದ ಕರೆತರುವವರು ಯಾರೆಂದೂ ಬರೆಯಿರಿ.