ಕಲೆತ ದುಡ್ಡು ಕಳೆದ ದುಡ್ಡಲ್ಲ



ಮಠದ ಲೆಕ್ಕ ಕೇಳಹೋದ ಭಕ್ತರಿಗೆ ಒಂದು ಸಿದ್ಧ ಉತ್ತರ ಕಾದಿರುತ್ತದೆ: "ಆ ದುಡ್ಡು ನನ್ನ ಖಾತೆಯಲ್ಲಿ ಕಲೆತು ಹೋಗಿದೆ. ಯಾವುದು ಮಠದ್ದು, ಯಾವುದು ನನ್ನದು ಅಂತ ಈಗ ಹೇಗೆ ಹೇಳಲಿ?" ಭಕ್ತರು ತಲೆ ತಗ್ಗಿಸಿ ಮರಳುತ್ತಾರೆ. ಮರಳಬೇಕಾದ್ದಿಲ್ಲ. ಕಲೆಸಿದವನೇ ಬೇರ್ಪಡಿಸಿ ತೋರಿಸಬೇಕು; ತೋರಿಸಲಾಗದಿದ್ದರೆ ಆ ಗೊಂದಲದ ನಷ್ಟ ಅವನದು, ಮಠದ್ದಲ್ಲ. 1882ರ ಭಾರತೀಯ ನ್ಯಾಸ ಕಾಯ್ದೆಯ 66ನೇ ಕಲಮು ಹೇಳುವುದೂ ಇದನ್ನೇ: ಟ್ರಸ್ಟಿಯು ನ್ಯಾಸದ ಹಣವನ್ನು ತನ್ನ ಹಣದಲ್ಲಿ ಕಲೆಸಿದರೆ, ಬರಬೇಕಾದ ಮೊತ್ತಕ್ಕೆ ಇಡೀ ನಿಧಿಯ ಮೇಲೆಯೇ ಬೋಜಾ ಬೀಳುತ್ತದೆ. ಆ ಕಾಯ್ದೆ ಧಾರ್ಮಿಕ ದತ್ತಿಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಅದರ ಹಿಂದಿನ ನ್ಯಾಯತತ್ವವನ್ನು ಕೋರ್ಟುಗಳು ದತ್ತಿಗಳಿಗೂ ಹಚ್ಚುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ಉಗಾರ ಬುದ್ರುಕದ ಕಡೆ ಒಂದು ಮಠಕ್ಕೆ ಕಬ್ಬಿನ ಹೊಲ ಇದೆ ಎಂದುಕೊಳ್ಳಿ. ಕಬ್ಬಿನ ಬಿಲ್ಲು 6 ಲಕ್ಷ, ಮಠದ ಖಾತೆಗೆ ಬಾರದೆ ಮೇಲ್ವಿಚಾರಕನ ಸ್ವಂತ ಖಾತೆಗೆ ಜಮೆಯಾಯಿತು. ಅಲ್ಲಿ ಅವನ 4 ಲಕ್ಷ ಮೊದಲೇ ಇತ್ತು. ಒಟ್ಟು 10 ಲಕ್ಷವಾಯಿತು. ಅವನು 5 ಲಕ್ಷ ತೆಗೆದು ಹೆಂಡತಿಯ ಹೆಸರಿನಲ್ಲಿ ಒಂದು ಪ್ಲಾಟು ಕೊಂಡ. ಬಳಿಕ 4 ಲಕ್ಷ ಮನೆಖರ್ಚಿಗೆ ಹೋಯಿತು, ಉಳಿದದ್ದು 1 ಲಕ್ಷ. ಮುಂದಿನ ವರ್ಷ ತನ್ನ ಸ್ವಂತ ಗಳಿಕೆಯ 3 ಲಕ್ಷ ಜಮೆ ಮಾಡಿದ.

ಅವನ ವಾದ ಹೀಗಿರುತ್ತದೆ: "ಪ್ಲಾಟು ನನ್ನ ದುಡ್ಡಿನದು, ಖರ್ಚಾದದ್ದು ಮಠದ ದುಡ್ಡು." ಈ ವಾದ ನಿಲ್ಲದು. ಇಂಗ್ಲೆಂಡಿನ ಹ್ಯಾಲೆಟ್ ಪ್ರಕರಣದಲ್ಲಿ (1880) ನ್ಯಾಯಾಲಯ, ಟ್ರಸ್ಟಿ ಖರ್ಚು ಮಾಡುವಾಗ ಮೊದಲು ತನ್ನದನ್ನೇ ಖರ್ಚು ಮಾಡಿದ ಎಂದು ತಿಳಿಯಬೇಕು ಎಂದಿತು. ಅದೇ ನಿಯಮವನ್ನು ತಿರುಚಿ, ಮೊದಲು ಕೊಂಡ ಆಸ್ತಿ ತನ್ನದು ಎನ್ನುವವರು ಹುಟ್ಟಿಕೊಂಡರು. ಓಟ್ವೇ ಪ್ರಕರಣ (1903) ಆ ದಾರಿಯನ್ನೂ ಮುಚ್ಚಿತು: ಖಾತೆಯಲ್ಲಿ ಉಳಿದದ್ದು ಕರಗಿಹೋದರೆ, ಕೊಂಡ ಆಸ್ತಿಯ ಮೇಲೆ ಬೋಜಾ ಹಾಕಬಹುದು. ಹಾಗಾಗಿ ಪ್ಲಾಟಿನ ಮೇಲೆ 5 ಲಕ್ಷ, ಖಾತೆಯಲ್ಲಿ 1 ಲಕ್ಷ, ಒಟ್ಟು 6 ಲಕ್ಷ ಮಠಕ್ಕೆ ಸಲ್ಲುತ್ತದೆ.

ಹಾಗಂತ ಕೊನೆಯ 3 ಲಕ್ಷಕ್ಕೆ ಕೈಹಾಕುವಂತಿಲ್ಲ. ಖಾತೆ ಒಮ್ಮೆ 1 ಲಕ್ಷಕ್ಕೆ ಇಳಿದ ಮೇಲೆ ಅದರೊಳಗೆ ಮಠದ ಹಣ ಅದಕ್ಕಿಂತ ಹೆಚ್ಚು ಇರಲು ಸಾಧ್ಯವಿಲ್ಲ. ಮಠಕ್ಕೆ ತೀರಿಸಲೆಂದೇ ಹಾಕಿದ್ದು ಎಂದು ತೋರಿಸಿದರೆ ಮಾತ್ರ ಹೊಸ ಜಮೆ ಮಠದ್ದು. ಪೂರ್ತಿ ಉಂಡು ತೀರಿದ ದುಡ್ಡಿಗೆ ಬೆನ್ನಟ್ಟಲು ವಸ್ತುವೇ ಇರುವುದಿಲ್ಲ. ಆಗ ಅವನ ಮೇಲೆ ವೈಯಕ್ತಿಕ ಬಾಕಿ ಮಾತ್ರ ಉಳಿಯುತ್ತದೆ.

"ಪ್ಲಾಟು ಹೆಂಡತಿಯ ಹೆಸರಲ್ಲಿದೆ" ಎಂಬ ನೆಪವೂ ನಡೆಯದು. ಬೆಲೆ ಕೊಡದೆ ಪಡೆದವರು ಏನೂ ಅರಿಯದವರಾದರೂ ಆಸ್ತಿ ಮಠದ ಬೋಜಾ ಹೊತ್ತೇ ಬರುತ್ತದೆ. ತಪ್ಪಿಸಿಕೊಳ್ಳುವವನು ಒಬ್ಬನೇ: ಪೂರ್ತಿ ಬೆಲೆ ಕೊಟ್ಟು, ಮಠದ ಹಕ್ಕಿನ ಸುಳಿವಿಲ್ಲದೆ, ಪ್ರಾಮಾಣಿಕವಾಗಿ ಕೊಂಡವನು. ಆಗ ಪ್ಲಾಟು ಬಿಟ್ಟು, ಅವನು ಕೊಟ್ಟ ಬೆಲೆಯನ್ನು ಹಿಂಬಾಲಿಸಬೇಕು.

"ಹಳೆಯ ಮಾತು, ಅವಧಿ ಮುಗಿದಿದೆ" ಎನ್ನುವವರಿಗೂ ಉತ್ತರವಿದೆ. 1921ರಲ್ಲಿ ಪ್ರಿವಿ ಕೌನ್ಸಿಲ್ ವಿದ್ಯಾ ವಾರುತಿ ಪ್ರಕರಣದಲ್ಲಿ, ಮಠಾಧಿಪತಿ ಕಟ್ಟುನಿಟ್ಟಾದ ಅರ್ಥದಲ್ಲಿ ಟ್ರಸ್ಟಿಯಲ್ಲ ಎಂದಿತು. ಕಾಲಮಿತಿಯ ವಿನಾಯಿತಿ ಮಠಗಳ ಕೈತಪ್ಪಿತು. 1929ರಲ್ಲಿ ಕಾಯ್ದೆಯನ್ನೇ ತಿದ್ದಲಾಯಿತು. ಇಂದು 1963ರ ಕಾಲಮಿತಿ ಕಾಯ್ದೆಯ 10ನೇ ಕಲಮಿನಂತೆ ಧಾರ್ಮಿಕ ದತ್ತಿಯ ಮೇಲ್ವಿಚಾರಕನನ್ನು ಟ್ರಸ್ಟಿ ಎಂದೇ ಎಣಿಸಲಾಗುತ್ತದೆ. ಅವನ ಕೈಯಲ್ಲಿ, ಅವನ ವಾರಸುದಾರರ ಕೈಯಲ್ಲಿ ಅಥವಾ ಬೆಲೆ ಕೊಡದೆ ಪಡೆದವರ ಕೈಯಲ್ಲಿ ಇರುವ ಆಸ್ತಿಯನ್ನೂ ಅದರ ಉತ್ಪನ್ನವನ್ನೂ ಬೆನ್ನಟ್ಟಲು ಕಾಲದ ಮಿತಿಯಿಲ್ಲ. ಬೆಲೆ ಕೊಟ್ಟು ಕೊಂಡವರಿಗೆ ಮಾತ್ರ ಕಾಲಮಿತಿಯ ರಕ್ಷಣೆ ಇದೆ.

ಆದರೆ ಕಾನೂನಿಗೆ ಇಲ್ಲದ ಮಿತಿ ಕಾಗದಕ್ಕಿದೆ. ವ್ಯವಹಾರದ ದಾಖಲೆಗಳನ್ನು ಬ್ಯಾಂಕುಗಳು ಕಾನೂನಿನಂತೆ ಕಾಯಲೇಬೇಕಾದದ್ದು ಕೆಲವು ವರ್ಷ ಮಾತ್ರ. ದಿನದಿನದ ಶಿಲ್ಕು ತೋರಿಸದೆ ಮೇಲಿನ ಲೆಕ್ಕ ಒಂದೂ ನಿಲ್ಲುವುದಿಲ್ಲ. ಕಾರ್ಖಾನೆಯ ಕಬ್ಬಿನ ಬಿಲ್ಲು, ಖಾತೆಯ ಪಟ್ಟಿ, ಪ್ಲಾಟಿನ ಖರೀದಿ ಪತ್ರ ಮತ್ತು ಉತಾರ, ಇವನ್ನು ತಾರೀಖಿನ ಸರಣಿಯಲ್ಲಿ ಜೋಡಿಸಿದಾಗಲೇ ಹಣ ಹೋದ ದಾರಿ ಕಾಣುತ್ತದೆ.

ಮಠದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಭಕ್ತರು ಕೋರ್ಟಿನ ಅನುಮತಿ ಪಡೆದು ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಲೆಕ್ಕ ಕೇಳಬಹುದು. ಇದು ಮಠದ ಮಾನ ಕಳೆಯುವ ಕೆಲಸ ಎನ್ನುವವರನ್ನು ಕೇಳುತ್ತೇನೆ: ದಾಸೋಹದ ಹೊಲದ ಕಬ್ಬು ಯಾರದೋ ಹೆಂಡತಿಯ ಪ್ಲಾಟಾದಾಗ ಹೋಗದ ಮಾನ, ಅದನ್ನು ಮರಳಿ ಕೇಳಿದಾಗ ಹೇಗೆ ಹೋಗುತ್ತದೆ? ಈ ಹಂಗಾಮಿಗೆ ಮೊದಲು ಒಂದು ಕೆಲಸವಾಗಲಿ: ಮಠದ ಹೊಲದ ಕಬ್ಬು ಕಾರ್ಖಾನೆಯಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಬಿಲ್ಲು ಯಾವ ಖಾತೆಗೆ ಬೀಳುತ್ತದೆ ಎಂದು ಮಠದ ಸಭೆಯಲ್ಲಿಯೇ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.