‘ಐತೀರ್ಪು’ ಅಂದ್ರೇನ್ರಿ ಸಾಹೇಬ್ರ?



ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆ ಮುಳುಗಿದಾಗ 1894ರ ಭೂಸ್ವಾಧೀನ ಕಾಯ್ದೆಯ ನೋಟೀಸು ಬಂದವು. ‘ಐತೀರ್ಪು ಹೊರಡಿಸಲಾಗಿದೆ!’ ನಮ್ಮ ಕೇರಿಯ ಯಾವ ಅವ್ವ ಈ ಮಾತು ಆಡ್ಯಾಳ?

ಆಗ ತಿಳಿಯಬೇಕಿದ್ದದ್ದು ಎರಡೇ ಸಂಗತಿ. ಪರಿಹಾರ ಕಡಿಮೆ ಅನಿಸಿದರೆ ತಕರಾರು ಬರೆದೇ ರೊಕ್ಕ ಎತ್ತಬೇಕಿತ್ತು. ಸುಮ್ಮನೆ ಹೆಬ್ಬೆಟ್ಟು ಒತ್ತಿದರೆ ಹೆಚ್ಚು ಕೇಳುವ ಹಕ್ಕು ಹೋಯಿತು. ಆಮೇಲೆ, ಕರ್ನಾಟಕದ ತಿದ್ದುಪಡಿಯಂತೆ ನೋಟೀಸು ಮುಟ್ಟಿದ 90 ದಿನದೊಳಗೆ ಅರ್ಜಿ ಕೊಡಬೇಕಿತ್ತು.

ನಾವಾಗಿದ್ದರೆ ಹೀಗೆ ಬರೆಯುತ್ತಿದ್ದೆವು: ‘ನಿಮ್ಮ ಹೊಲಕ್ಕ ಇಷ್ಟು ರೊಕ್ಕ ಅಂತ ಠರಾಯಿಸೀವಿ (ಐತೀರ್ಪು). ಕಡಿಮಿ ಅನಿಸಿದ್ರ “ತಕರಾರಿನ ಮ್ಯಾಲೆ ತಗೊಂಡೀನಿ” ಅಂತ ಬರೀರಿ. 90 ದಿನದಾಗ ಅರ್ಜಿ ಕೊಡ್ರಿ.’

ಕೋರ್ಟಿನ ಶಬ್ದ ಕಂಸದಲ್ಲಿರಲಿ, ವಕೀಲರಿಗೆ ಬೇಕು. ಆದರೆ ಆಡುಮಾತು ಅಂತ ‘ಲಗೂನ ಬರ್ರಿ’ ಎಂದು ದಿನದ ಲೆಕ್ಕ ನುಂಗಿದರೆ ಅದೂ ಮೋಸವೇ.

2014ರ ಜನವರಿಯಿಂದ ಬೇರೆ ಕಾಯ್ದೆ ಜಾರಿಯಾಗೈತಿ. ‘ಐತೀರ್ಪು’ ಮಾತ್ರ ಹಾಂಗ ಕುಂತೈತಿ.